ಎನ್‌ರಾನ್ ಲೆಕ್ಕ ಇಟ್ಟುಕೊಂಡು ಜೆಡ್-ಸ್ಕೋರ್ ಕಲಿಯೋಣ: ಸುರಕ್ಷಿತ, ಬೂದು, ಸಂಕಷ್ಟ ವಲಯಗಳನ್ನು ಓದುವ ಬಗೆ

ಒಂದು ಕಂಪನಿ ಇನ್ನೆರಡು ವರ್ಷದಲ್ಲಿ ದಿವಾಳಿ ಆಗಬಹುದೇ ಎಂದು ಅದರ ಬ್ಯಾಲೆನ್ಸ್ ಶೀಟ್ ನೋಡಿ ಹೇಳಲು ಒಂದು ಹಳೆಯ ಸೂತ್ರವಿದೆ. 1968ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎಡ್ವರ್ಡ್ ಆಲ್ಟ್‌ಮನ್ ಕೊಟ್ಟ ಜೆಡ್-ಸ್ಕೋರ್ ಅದು. ಷೇರು ಮಾಹಿತಿ ಕೊಡುವ ಎಷ್ಟೋ ವೆಬ್‌ಸೈಟ್‌ಗಳಲ್ಲಿ ಈ ಅಂಕಿ ಸಿದ್ಧವಾಗಿಯೇ ಸಿಗುತ್ತದೆ. ಆದರೆ ಅಲ್ಲಿ ಕಾಣುವ ಒಂದೇ ಅಂಕಿಯನ್ನು ನಂಬಿ ಕೂರುವುದು ಅಪಾಯ. ಯಾವ ಸೂತ್ರ ಹಾಕಿದ್ದಾರೆ, ಯಾವ ಅನುಪಾತ ಆ ಅಂಕಿಯನ್ನು ಮೇಲೆತ್ತಿ ಹಿಡಿದಿದೆ ಎಂಬುದು ಗೊತ್ತಿಲ್ಲದಿದ್ದರೆ ಸ್ಕೋರ್‌ಗೆ ಅರ್ಥವೇ ಇಲ್ಲ.

ಇದನ್ನು ತೋರಿಸಲು ಎನ್‌ರಾನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಹ್ಯೂಸ್ಟನ್‌ನ ಈ ಇಂಧನ ಕಂಪನಿಯನ್ನು ನಮ್ಮವರು ಮಹಾರಾಷ್ಟ್ರದ ದಾಭೋಲ್ ವಿದ್ಯುತ್ ಯೋಜನೆಯಿಂದ ಬಲ್ಲರು. 2001ರ ಡಿಸೆಂಬರ್ 2ರಂದು ಅದು ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಮೊದಲು ಅದೇ ಕಂಪನಿ ಪ್ರಕಟಿಸಿದ್ದ 2000ದ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಬಿಡಿಸೋಣ.

ಮೊದಲು, ಈ ಸೂತ್ರ ಬಂದದ್ದು ಎಲ್ಲಿಂದ

ಆಲ್ಟ್‌ಮನ್ 66 ಅಮೆರಿಕನ್ ಕಂಪನಿಗಳನ್ನು ತೆಗೆದುಕೊಂಡರು. ಎಲ್ಲವೂ ಕಾರ್ಖಾನೆ ನಡೆಸುವ ಕಂಪನಿಗಳು. ಅರ್ಧದಷ್ಟು, ಅಂದರೆ 33, ದಿವಾಳಿ ಆಗಿದ್ದವು. ಉಳಿದ 33 ಚೆನ್ನಾಗಿ ನಡೆಯುತ್ತಿದ್ದವು. 22 ಅನುಪಾತಗಳನ್ನು ಪರೀಕ್ಷಿಸಿ, ಈ ಎರಡು ಗುಂಪನ್ನು ಒಟ್ಟಾಗಿ ಅತಿ ಚೆನ್ನಾಗಿ ಬೇರ್ಪಡಿಸುವ ಐದನ್ನು ಉಳಿಸಿಕೊಂಡರು. ಪ್ರತಿಯೊಂದಕ್ಕೂ ಒಂದು ತೂಕ ಕೊಟ್ಟು ಕೂಡಿದರು:

```
Z = 1.2*X1 + 1.4*X2 + 3.3*X3 + 0.6*X4 + 1.0*X5
```

X1 ಅಂದರೆ ವರ್ಕಿಂಗ್ ಕ್ಯಾಪಿಟಲ್ ಅನ್ನು ಒಟ್ಟು ಆಸ್ತಿಯಿಂದ ಭಾಗಿಸಿದ್ದು. ಒಂದು ವರ್ಷದೊಳಗೆ ನಗದಾಗುವ ಆಸ್ತಿಯಲ್ಲಿ ಒಂದು ವರ್ಷದೊಳಗೆ ತೀರಿಸಬೇಕಾದ ಹೊಣೆ ಕಳೆದರೆ ಉಳಿಯುವುದೇ ವರ್ಕಿಂಗ್ ಕ್ಯಾಪಿಟಲ್. X2 ಅಂದರೆ ಕಂಪನಿ ಹುಟ್ಟಿದಾಗಿನಿಂದ ಹಂಚದೆ ಉಳಿಸಿಕೊಂಡ ಲಾಭ, ಭಾಗಿಸು ಒಟ್ಟು ಆಸ್ತಿ. X3 ಅಂದರೆ ಬಡ್ಡಿ ಮತ್ತು ತೆರಿಗೆ ಕಳೆಯುವ ಮೊದಲಿನ ಲಾಭ, ಭಾಗಿಸು ಒಟ್ಟು ಆಸ್ತಿ. X4 ಅಂದರೆ ಷೇರುಪೇಟೆಯಲ್ಲಿ ಕಂಪನಿಯ ಒಟ್ಟು ಬೆಲೆ, ಭಾಗಿಸು ಒಟ್ಟು ಹೊಣೆ. X5 ಅಂದರೆ ಮಾರಾಟ, ಭಾಗಿಸು ಒಟ್ಟು ಆಸ್ತಿ.

ಆ 66 ಕಂಪನಿಗಳಲ್ಲಿ 2.99ಕ್ಕಿಂತ ಮೇಲಿದ್ದ ಯಾವುದೂ ದಿವಾಳಿ ಆಗಿರಲಿಲ್ಲ. 1.81ಕ್ಕಿಂತ ಕೆಳಗಿದ್ದವೆಲ್ಲ ದಿವಾಳಿ ಆಗಿದ್ದವು. ನಡುವೆ ಎರಡೂ ಬಗೆಯವು ಕಲಸಿಕೊಂಡಿದ್ದವು. ಮೇಲೆ ಸುರಕ್ಷಿತ, ಕೆಳಗೆ ಸಂಕಷ್ಟ, ನಡುವೆ ಬೂದು: ಮೂರು ವಲಯಗಳು ಹುಟ್ಟಿದ್ದು ಹೀಗೆ. ಅಂದರೆ ಈ ಗಡಿಗಳು ಪ್ರಕೃತಿ ನಿಯಮ ಅಲ್ಲ. ಒಂದು ಕಾಲದ, ಒಂದು ದೇಶದ, ಚಿಕ್ಕ ಕಾರ್ಖಾನೆಗಳ ಗುಂಪಿನಲ್ಲಿ ಎಳೆದ ಗೆರೆಗಳು. ಆ ಗುಂಪಿನಲ್ಲಿ ಅತಿ ದೊಡ್ಡದರ ಆಸ್ತಿಯೂ ಸುಮಾರು 2.6 ಕೋಟಿ ಡಾಲರ್ ಅಷ್ಟೇ. ಎನ್‌ರಾನ್ ಆಸ್ತಿ 2000ದ ಕೊನೆಗೆ 6,550 ಕೋಟಿ ಡಾಲರ್.

ಹಂತ 1: ಸರಿಯಾದ ಸೂತ್ರ ಆರಿಸಿಕೊಳ್ಳಿ

ಜಾಸ್ತಿ ಜನ ಎಡವುವುದು ಇಲ್ಲೇ. ಮೇಲಿನ ಸೂತ್ರ ಷೇರುಪೇಟೆಯಲ್ಲಿರುವ ಉತ್ಪಾದನಾ ಕಂಪನಿಗಳಿಗೆ ಮಾತ್ರ. ಪೇಟೆಯಲ್ಲಿ ಇಲ್ಲದ ಕಾರ್ಖಾನೆಗಳಿಗೆ ಆಲ್ಟ್‌ಮನ್ ತಾವೇ ಇನ್ನೊಂದು ಸೂತ್ರ ಕೊಟ್ಟರು. ಅದರಲ್ಲಿ X4ಕ್ಕೆ ಪೇಟೆ ಬೆಲೆಯ ಬದಲು ಪುಸ್ತಕದ ಈಕ್ವಿಟಿ, ಅಂದರೆ ಬ್ಯಾಲೆನ್ಸ್ ಶೀಟ್‌ನಲ್ಲಿ ಕಾಣುವ ಷೇರುದಾರರ ಪಾಲು, ಬರುತ್ತದೆ:

```
Z' = 0.717*X1 + 0.847*X2 + 3.107*X3 + 0.420*X4 + 0.998*X5
```

ಇದರ ಗಡಿಗಳು ಬೇರೆ: 2.9ರ ಮೇಲೆ ಸುರಕ್ಷಿತ, 1.23ರ ಕೆಳಗೆ ಸಂಕಷ್ಟ.

ಮೂರನೆಯದು ಉತ್ಪಾದನೆ ಅಲ್ಲದ ಕಂಪನಿಗಳಿಗೆ. ವ್ಯಾಪಾರ, ಸೇವೆ, ಸಾಫ್ಟ್‌ವೇರ್, ಹೋಟೆಲ್ ಎಲ್ಲಕ್ಕೂ ಇದನ್ನೇ ಬಳಸಬೇಕು:

```
Z'' = 6.56*X1 + 3.26*X2 + 6.72*X3 + 1.05*X4
```

ಇಲ್ಲಿ 2.6ರ ಮೇಲೆ ಸುರಕ್ಷಿತ, 1.1ರ ಕೆಳಗೆ ಸಂಕಷ್ಟ, ನಡುವೆ ಬೂದು. X4 ಇಲ್ಲಿಯೂ ಪುಸ್ತಕದ ಈಕ್ವಿಟಿ. X5 ಇಲ್ಲವೇ ಇಲ್ಲ. ಕಾರಣ ಸರಳ. ಮಾರಾಟಕ್ಕೂ ಆಸ್ತಿಗೂ ಇರುವ ಅನುಪಾತ ಒಂದೊಂದು ಉದ್ಯಮದಲ್ಲಿ ಒಂದೊಂದು ಥರ. ದಿನಸಿ ಸಗಟು ವ್ಯಾಪಾರಿಯ X5 ಸಲೀಸಾಗಿ 4 ಇರಬಹುದು. ಹಳೆಯ ಸೂತ್ರ ಹಾಕಿದರೆ ಬೇರೆ ಏನೂ ನೋಡದೆ ಅವನು ಸುರಕ್ಷಿತ ವಲಯಕ್ಕೆ ಹೋಗಿಬಿಡುತ್ತಾನೆ.

ಕೆಲವು ಕಡೆ ಕೊನೆಯ ಸೂತ್ರಕ್ಕೆ 3.25 ಕೂಡಿಸಿರುತ್ತಾರೆ. ಅದು ಉದಯೋನ್ಮುಖ ಮಾರುಕಟ್ಟೆಗಳ ಕಂಪನಿಗಳನ್ನು ಬಾಂಡ್ ರೇಟಿಂಗ್ ಜೊತೆ ಹೋಲಿಸಲು ಮಾಡಿದ ಹೊಂದಾಣಿಕೆ. 3.25 ಕೂಡಿಸಿದ ಅಂಕಿಯನ್ನು 2.6ರ ಗಡಿಗೆ ಹೋಲಿಸಿದರೆ ಮುಳುಗುವ ಕಂಪನಿಯೂ ಸುರಕ್ಷಿತವಾಗಿ ಕಾಣುತ್ತದೆ. ಸಿದ್ಧ ಅಂಕಿ ತೆಗೆದುಕೊಳ್ಳುವಾಗ ಇದನ್ನು ಮೊದಲು ಕೇಳಿ.

ಬ್ಯಾಂಕ್, ಎನ್‌ಬಿಎಫ್‌ಸಿ, ವಿಮಾ ಕಂಪನಿಗಳಿಗೆ ಮೂರೂ ಬೇಡ. ಸಾಲ ತೆಗೆದುಕೊಳ್ಳುವುದೇ ಅವುಗಳ ಕಸುಬು. ಅಲ್ಲಿ ವರ್ಕಿಂಗ್ ಕ್ಯಾಪಿಟಲ್ ಎಂಬ ಲೆಕ್ಕಕ್ಕೆ ಅರ್ಥವಿಲ್ಲ.

ಹಂತ 2: ಅಂಕಿಗಳನ್ನು ತೆಗೆಯಿರಿ

ಭಾರತದ ಕಂಪನಿಯಾದರೆ ವಾರ್ಷಿಕ ವರದಿಯ ಕನ್ಸಾಲಿಡೇಟೆಡ್ ಲೆಕ್ಕ ತೆರೆಯಿರಿ. ಸ್ಟ್ಯಾಂಡ್‌ಅಲೋನ್ ಬೇಡ, ಅಂಗಸಂಸ್ಥೆಗಳ ಸಾಲ ಅದರಲ್ಲಿ ಕಾಣುವುದಿಲ್ಲ. ಕರೆಂಟ್ ಅಸೆಟ್ಸ್ ಮತ್ತು ಕರೆಂಟ್ ಲಯಬಿಲಿಟೀಸ್ ಮೊತ್ತ ಬ್ಯಾಲೆನ್ಸ್ ಶೀಟ್ ಮೇಲೆಯೇ ಇರುತ್ತವೆ. ಎರಡರ ವ್ಯತ್ಯಾಸವೇ ವರ್ಕಿಂಗ್ ಕ್ಯಾಪಿಟಲ್. ಒಟ್ಟು ಹೊಣೆ ಬೇಕಿದ್ದರೆ ಒಟ್ಟು ಆಸ್ತಿಯಲ್ಲಿ ಈಕ್ವಿಟಿ ಕಳೆದರೆ ಆಯಿತು. ಸುಮ್ನೆ ಬ್ಯಾಂಕ್ ಸಾಲ ಮಾತ್ರ ಹಿಡಿಯಬೇಡಿ. ಸರಕು ಕೊಟ್ಟವರಿಗೆ ಬಾಕಿ, ಗ್ರಾಹಕರ ಮುಂಗಡ, ಗುತ್ತಿಗೆ ಬಾಡಿಗೆಯ ಹೊಣೆ ಎಲ್ಲವೂ ಸೇರಬೇಕು.

ಬಡ್ಡಿ-ತೆರಿಗೆಗೆ ಮೊದಲಿನ ಲಾಭಕ್ಕೆ ಲಾಭ-ನಷ್ಟ ಪಟ್ಟಿಯಲ್ಲಿ ಪ್ರತ್ಯೇಕ ಸಾಲು ಇರುವುದಿಲ್ಲ. ತೆರಿಗೆಗೆ ಮೊದಲಿನ ಲಾಭ ತೆಗೆದುಕೊಂಡು ಫೈನಾನ್ಸ್ ಕಾಸ್ಟ್ಸ್ ಕೂಡಿಸಿ. ವಿಶೇಷ ಬಾಬ್ತುಗಳ ಸಾಲಿಗಿಂತ ಮೇಲಿರುವ ಲಾಭವನ್ನೇ ಹಿಡಿಯಿರಿ. ಕಂಪನಿ ಆ ವರ್ಷ ಜಾಗ ಮಾರಿ ದೊಡ್ಡ ಮೊತ್ತ ಗಳಿಸಿದ್ದರೆ, ಅದು 'ಇತರ ಆದಾಯ'ದಲ್ಲಿ ಕೂತಿರಬಹುದು. ಅದನ್ನೂ ಕಳೆಯಿರಿ. ಮುಂದಿನ ವರ್ಷ ಮಾರಲು ಆ ಜಾಗ ಇರುವುದಿಲ್ಲ, ಅಲ್ವಾ?

ಇನ್ನು X2. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಬ್ಯಾಲೆನ್ಸ್ ಶೀಟ್‌ನಲ್ಲಿ 'ಅದರ್ ಈಕ್ವಿಟಿ' ಎಂಬ ಒಂದೇ ಸಾಲು ಕಾಣುತ್ತದೆ. ಬಹಳ ಜನ ಅದನ್ನೇ ಕೂಡಿಟ್ಟ ಲಾಭ ಅಂದುಕೊಂಡು ಹಾಕಿಬಿಡುತ್ತಾರೆ. ಆ ಸಾಲಿನ ಟಿಪ್ಪಣಿ ತೆರೆದು ನೋಡಿ. ಒಳಗೆ ಸೆಕ್ಯುರಿಟೀಸ್ ಪ್ರೀಮಿಯಂ, ಜನರಲ್ ರಿಸರ್ವ್, ರಿಟೈನ್ಡ್ ಅರ್ನಿಂಗ್ಸ್ ಹೀಗೆ ಹಲವು ಬಾಬ್ತು ಇರುತ್ತವೆ. ಪ್ರೀಮಿಯಂ ಅಂದರೆ ಷೇರುದಾರರು ಮುಖಬೆಲೆಗಿಂತ ಹೆಚ್ಚು ಕೊಟ್ಟ ದುಡ್ಡು. ಅದು ಕಂಪನಿ ದುಡಿದದ್ದಲ್ಲ. X2ಗೆ ಬೇಕಾದ್ದು ದುಡಿದು ಉಳಿಸಿದ್ದು ಮಾತ್ರ: ರಿಟೈನ್ಡ್ ಅರ್ನಿಂಗ್ಸ್, ಜೊತೆಗೆ ಲಾಭದಿಂದಲೇ ಬಂದ ಜನರಲ್ ರಿಸರ್ವ್.

ಈ ತಪ್ಪು ಎಷ್ಟು ದುಬಾರಿ ಎಂದು ನೋಡಿ. ಒಂದು ಕಂಪನಿಯ ಆಸ್ತಿ 2,000 ಕೋಟಿ ರೂಪಾಯಿ ಅಂದುಕೊಳ್ಳಿ. ಐಪಿಒ ಪ್ರೀಮಿಯಂ 1,400 ಕೋಟಿ, ಇಲ್ಲಿಯವರೆಗಿನ ನಷ್ಟ 600 ಕೋಟಿ. 'ಅದರ್ ಈಕ್ವಿಟಿ' 800 ಕೋಟಿ ಎಂದು ತೋರಿಸುತ್ತದೆ. ಅದನ್ನೇ ಹಾಕಿದರೆ X2 0.40 ಆಗಿ, Z'' ಸೂತ್ರದಲ್ಲಿ 1.30 ಅಂಕ ಕೊಡುತ್ತದೆ. ಸರಿಯಾಗಿ ಹಾಕಿದರೆ X2 ಮೈನಸ್ 0.30, ಅಂಕ ಮೈನಸ್ 0.98. ವ್ಯತ್ಯಾಸ 2.28. ಬೂದು ವಲಯದ ಪೂರ್ತಿ ಅಗಲವೇ 1.5. ಅಂದರೆ ಈ ಒಂದು ತಪ್ಪು ಸಾಕು, ಕಂಪನಿ ಸಂಕಷ್ಟದಿಂದ ಹಾರಿ ಸುರಕ್ಷಿತ ವಲಯದಲ್ಲಿ ಇಳಿಯಲು. ಹೊಸದಾಗಿ ಪೇಟೆಗೆ ಬಂದ ನಷ್ಟದ ಕಂಪನಿಗಳಿಗೆ ಸಿದ್ಧ ಸ್ಕೋರ್ ನೋಡುವಾಗ ನಾನು ಮೊದಲು ಅನುಮಾನ ಪಡುವುದು ಇದನ್ನೇ.

ಪೇಟೆಯಲ್ಲಿ ಇಲ್ಲದ ಕಂಪನಿಯಾದರೆ ಅದು ಸರ್ಕಾರಕ್ಕೆ ಸಲ್ಲಿಸಿದ ಲೆಕ್ಕವನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿ ನೋಡಬಹುದು.

ಹಂತ 3: ಎನ್‌ರಾನ್ ಲೆಕ್ಕ

2000ದ ವಾರ್ಷಿಕ ವರದಿಯ ಅಂಕಿಗಳನ್ನು ಕೋಟಿ ಡಾಲರ್‌ಗೆ ತಂದು ಕೊಡುತ್ತೇನೆ. ಒಟ್ಟು ಆಸ್ತಿ 6,550. ಕರೆಂಟ್ ಅಸೆಟ್ಸ್ 3,038, ಕರೆಂಟ್ ಲಯಬಿಲಿಟೀಸ್ 2,841. ಕೂಡಿಟ್ಟ ಲಾಭ 323. ಬಡ್ಡಿ-ತೆರಿಗೆಗೆ ಮೊದಲಿನ ಲಾಭ 248. ಮಾರಾಟ 10,079. ಷೇರುದಾರರ ಈಕ್ವಿಟಿ 1,147. ಉಳಿದದ್ದೆಲ್ಲ, ಅಂದರೆ 5,403, ಹೊಣೆ. ಅಂಗಸಂಸ್ಥೆಗಳಲ್ಲಿ ಹೊರಗಿನವರ ಪಾಲನ್ನೂ ಹೊಣೆಯ ಕಡೆಗೇ ಹಾಕಿದ್ದೇನೆ. ಬಿಟ್ಟರೂ ವಲಯ ಬದಲಾಗುವುದಿಲ್ಲ. ವರ್ಷದ ಕೊನೆಯಲ್ಲಿ ಷೇರು 83 ಡಾಲರ್ ಆಸುಪಾಸಿನಲ್ಲಿತ್ತು. ಪೇಟೆಯಲ್ಲಿ ಕಂಪನಿಯ ಬೆಲೆ ಸುಮಾರು 6,250 ಕೋಟಿ ಡಾಲರ್.

ಮೊದಲು 1968ರ ಸೂತ್ರ ಹಾಕೋಣ.

```
X1 = 197/6550    = 0.030   x 1.2 = 0.036
X2 = 323/6550    = 0.049   x 1.4 = 0.069
X3 = 248/6550    = 0.038   x 3.3 = 0.125
X4 = 6250/5403   = 1.157   x 0.6 = 0.694
X5 = 10079/6550  = 1.539   x 1.0 = 1.539
Z  = 2.46
```

2.46. ಬೂದು ವಲಯ, ಅದೂ ಮೇಲಿನ ಅರ್ಧದಲ್ಲಿ. ಇದನ್ನು ನೋಡಿ ಯಾರೂ ಓಡಿಹೋಗುವುದಿಲ್ಲ.

ಆದರೆ ಎನ್‌ರಾನ್ ಆ ಹೊತ್ತಿಗೆ ಮುಖ್ಯವಾಗಿ ಗ್ಯಾಸ್ ಮತ್ತು ವಿದ್ಯುತ್ ಕೊಂಡು ಮಾರುವ ಕಂಪನಿ. ಕಾರ್ಖಾನೆ ಅಲ್ಲ. ಹಾಗಾಗಿ Z'' ಸರಿಯಾದದ್ದು. ಒಂದು ಸ್ಪ್ರೆಡ್‌ಶೀಟ್‌ನಲ್ಲಿ B2ರಿಂದ B8ರವರೆಗೆ ಒಟ್ಟು ಆಸ್ತಿ, ಕರೆಂಟ್ ಅಸೆಟ್ಸ್, ಕರೆಂಟ್ ಲಯಬಿಲಿಟೀಸ್, ಕೂಡಿಟ್ಟ ಲಾಭ, ಬಡ್ಡಿ-ತೆರಿಗೆಗೆ ಮೊದಲಿನ ಲಾಭ, ಈಕ್ವಿಟಿ, ಒಟ್ಟು ಹೊಣೆ ಇದೇ ಕ್ರಮದಲ್ಲಿ ತುಂಬಿ:

```
=6.56*(B3-B4)/B2 + 3.26*B5/B2 + 6.72*B6/B2 + 1.05*B7/B8
```

ಉತ್ತರ ಸುಮಾರು 0.84. ಬಿಡಿಯಾಗಿ ನೋಡಿದರೆ 0.197, 0.161, 0.254, 0.223. ಗಡಿ 1.1. ಅಂದರೆ ಸಂಕಷ್ಟದ ವಲಯ.

ಗಮನಿಸಿ: ಗುಟ್ಟಿನ ಕಡತ ಯಾವುದೂ ಬೇಕಾಗಲಿಲ್ಲ. ಕಂಪನಿ ತಾನೇ ಅಚ್ಚು ಹಾಕಿಸಿ ಷೇರುದಾರರಿಗೆ ಕಳಿಸಿದ ಅಂಕಿಗಳಿಂದಲೇ ಇದು ಬಂತು.

ಹಂತ 4: ಅಂಕ ಎಲ್ಲಿಂದ ಬಂತು ಎಂದು ಬಿಡಿಸಿ ನೋಡಿ

ಮೊದಲ ಲೆಕ್ಕಕ್ಕೆ ಮತ್ತೆ ಹೋಗೋಣ. 2.46ರಲ್ಲಿ 2.23 ಅಂಕ ಬಂದದ್ದು X4 ಮತ್ತು X5 ಎರಡರಿಂದಲೇ. ಅಂದರೆ ನೂರಕ್ಕೆ ತೊಂಬತ್ತು ಪಾಲು. ಲಾಭ, ಉಳಿತಾಯ, ಕೈಯಲ್ಲಿರುವ ವರ್ಕಿಂಗ್ ಕ್ಯಾಪಿಟಲ್ ಮೂರೂ ಸೇರಿ ಕೊಟ್ಟದ್ದು 0.23 ಮಾತ್ರ.

X5 ಯಾಕೆ ಅಷ್ಟು ದೊಡ್ಡದು? ಎನ್‌ರಾನ್ ಕೊಂಡು ಮಾರಿದ ಗ್ಯಾಸ್‌ನ ಪೂರ್ತಿ ಬೆಲೆಯನ್ನೇ ಮಾರಾಟ ಎಂದು ಬರೆದುಕೊಳ್ಳುತ್ತಿತ್ತು. 100 ರೂಪಾಯಿಗೆ ಕೊಂಡು 101ಕ್ಕೆ ಮಾರಿದವನು ತನ್ನ ಆದಾಯ 1 ರೂಪಾಯಿ ಎನ್ನಬಹುದು, 101 ಎಂದೂ ಬರೆಯಬಹುದು. ಎನ್‌ರಾನ್ ಬರೆದದ್ದು 101. ಹೀಗೆ 1999ರಲ್ಲಿ 4,011 ಕೋಟಿ ಡಾಲರ್ ಇದ್ದ ಮಾರಾಟ ಒಂದೇ ವರ್ಷದಲ್ಲಿ 10,079 ಕೋಟಿಗೆ ಏರಿತು. X4ರ ಕಥೆಯೂ ಅಷ್ಟೆ. ಆ 83 ಡಾಲರ್ ಬೆಲೆ ಬಂದದ್ದು ಅದೇ ಲೆಕ್ಕಪತ್ರಗಳನ್ನು ಪೇಟೆ ನಂಬಿದ್ದರಿಂದ. ಪೇಟೆಯೇ ಮೋಸ ಹೋಗಿದ್ದರೆ ಆ ಮೋಸ ಸ್ಕೋರ್ ಒಳಗೂ ಬರುತ್ತದೆ. 2001ರ ಅಕ್ಟೋಬರ್‌ನಲ್ಲಿ ಕಂಪನಿ 61.8 ಕೋಟಿ ಡಾಲರ್ ತ್ರೈಮಾಸಿಕ ನಷ್ಟ ತೋರಿಸಿತು, ಈಕ್ವಿಟಿಯಲ್ಲಿ 120 ಕೋಟಿ ಡಾಲರ್ ಇಳಿಸಿತು. ವರ್ಷವಿಡೀ ಜಾರುತ್ತಿದ್ದ ಷೇರು ನವೆಂಬರ್ 28ರಂದು ಒಂದು ಡಾಲರ್‌ಗಿಂತ ಕೆಳಗೆ ಬಿತ್ತು. ದಿವಾಳಿ ಅರ್ಜಿಗೆ ಆಗ ನಾಲ್ಕೇ ದಿನ ಉಳಿದಿತ್ತು.

ಆದ್ದರಿಂದ ಯಾವ ಕಂಪನಿಯ ಸ್ಕೋರ್ ಆದರೂ ಒಟ್ಟು ಮೊತ್ತದ ಪಕ್ಕದಲ್ಲಿ ಪ್ರತಿ ಅನುಪಾತದ ಪಾಲನ್ನೂ ಬರೆದಿಡಿ. X2 ಮತ್ತು X3ರಿಂದ ಬಂದ ಅಂಕ ಗಟ್ಟಿ. X4, X5ರಿಂದ ಮಾತ್ರ ಬಂದದ್ದಾದರೆ ವಲಯ ಯಾವುದೇ ಇರಲಿ, ಇನ್ನೊಮ್ಮೆ ಕೆದಕಿ.

ಹಂತ 5: ಹಿಂದಿನ ವರ್ಷದ ಜೊತೆ ಇಟ್ಟು ನೋಡಿ

ಒಂದೇ ವರ್ಷದ ಅಂಕಿ ಸಾಲದು. ಎನ್‌ರಾನ್‌ನ 1999ರ ಲೆಕ್ಕಕ್ಕೆ ಇದೇ ಎರಡು ಸೂತ್ರ ಹಾಕಿದೆ. ಹಳೆಯ ಸೂತ್ರದಲ್ಲಿ ಸುಮಾರು 2.3 ಇದ್ದದ್ದು 2000ದಲ್ಲಿ 2.46ಕ್ಕೆ ಏರಿದೆ. Z'' ಮಾತ್ರ ಸುಮಾರು 1.2ರಿಂದ 0.84ಕ್ಕೆ ಇಳಿದಿದೆ, ಬೂದು ವಲಯದ ಅಂಚಿನಿಂದ ಸಂಕಷ್ಟಕ್ಕೆ. ಅದೇ ಕಂಪನಿ, ಅದೇ ಎರಡು ವರ್ಷ, ದಿಕ್ಕು ಮಾತ್ರ ಎದುರುಬದುರು.

ಇಳಿದದ್ದು ಯಾಕೆ? ಆಸ್ತಿ 3,338 ಕೋಟಿ ಡಾಲರ್‌ನಿಂದ ಸರಿಸುಮಾರು ಇಮ್ಮಡಿಯಾಯಿತು, ಲಾಭ ಮಾತ್ರ ಅಷ್ಟು ಬೆಳೆಯಲಿಲ್ಲ. X3 ನೂರಕ್ಕೆ 6ರಿಂದ 3.8ಕ್ಕೆ ಬಂತು. ಹೊಣೆಯ ಎದುರು ಈಕ್ವಿಟಿ 0.40ರಿಂದ 0.21ಕ್ಕೆ ಕುಸಿಯಿತು. ಸಾಲದ ಮೇಲೆ ಉಬ್ಬುತ್ತಿರುವ ಕಂಪನಿಯ ಗುರುತು ಇದೇ. ನೀವು ನೋಡುವ ಕಂಪನಿಗೂ ಕನಿಷ್ಠ ನಾಲ್ಕೈದು ವರ್ಷದ ಸಾಲು ಹಾಕಿ. 3.5ರಿಂದ 2.2ಕ್ಕೆ ಜಾರಿದ ಕಂಪನಿಗೂ 1.4ರಿಂದ 2.2ಕ್ಕೆ ಹತ್ತಿದ ಕಂಪನಿಗೂ ಸ್ಕೋರ್ ಒಂದೇ. ಇಬ್ಬರಿಗೂ ಒಂದೇ ಷರತ್ತಿನಲ್ಲಿ ಸಾಲ ಕೊಡುವವರು ಯಾರೂ ಇಲ್ಲ.

ಹಂತ 6: ಮೂರು ವಲಯಗಳನ್ನು ಓದುವುದು

ಸುರಕ್ಷಿತ ವಲಯ ಅಂದರೆ 'ಈ ಲೆಕ್ಕಪತ್ರ ನಿಜವಾಗಿದ್ದರೆ, ಸದ್ಯಕ್ಕೆ ದಿವಾಳಿಯ ಲಕ್ಷಣ ಇಲ್ಲ' ಎಂದಷ್ಟೇ. ಷೇರು ಅಗ್ಗವೋ ದುಬಾರಿಯೋ ಎಂದು ಅದು ಹೇಳುವುದಿಲ್ಲ.

ಸಂಕಷ್ಟದ ವಲಯವನ್ನು ಓದುವಾಗ ಕಾಲದ ಬಗ್ಗೆ ಎಚ್ಚರ ಬೇಕು. ಆಲ್ಟ್‌ಮನ್ ಅವರ ಮೂಲ ಗುಂಪಿನಲ್ಲಿ ದಿವಾಳಿಗೆ ಒಂದು ವರ್ಷ ಮೊದಲಿನ ಲೆಕ್ಕದಿಂದ 33ರಲ್ಲಿ 31 ಕಂಪನಿಗಳನ್ನು ಸೂತ್ರ ಹಿಡಿದಿತ್ತು. ಎರಡು ವರ್ಷ ಮೊದಲಿನ ಲೆಕ್ಕ ಹಾಕಿದರೆ ಅದು ನೂರಕ್ಕೆ 72ಕ್ಕೆ ಇಳಿಯಿತು. ಮೂರು ವರ್ಷ ಮೊದಲು ನೂರಕ್ಕೆ 48, ಅಂದರೆ ನಾಣ್ಯ ಚಿಮ್ಮಿದ ಹಾಗೆ. ಹಾಗಾಗಿ 'ಐದು ವರ್ಷದಲ್ಲಿ ಮುಳುಗುತ್ತದೆ' ಎನ್ನಲು ಈ ಸ್ಕೋರ್ ಬಳಸಬೇಡಿ. ಇನ್ನೊಂದು ಕಡೆ, ಸಂಕಷ್ಟದಲ್ಲಿದ್ದೂ ವರ್ಷಗಟ್ಟಲೆ ನಡೆಯುವ ಕಂಪನಿಗಳಿವೆ. ಜನರಲ್ ಮೋಟಾರ್ಸ್ 2009ರ ಜೂನ್ 1ರಂದು ದಿವಾಳಿ ಅರ್ಜಿ ಹಾಕುವ ಕೆಲವು ವರ್ಷ ಮೊದಲೇ ಅದರ ಸ್ಕೋರ್ ಕೆಳಗೆ ಹೋಗಿತ್ತು. 1960ರ ದಶಕಕ್ಕೆ ಹೋಲಿಸಿದರೆ ಈಗಿನ ಕಂಪನಿಗಳು ಸಾಲ ಜಾಸ್ತಿ ಮಾಡುತ್ತವೆ. 1.81ರ ಕೆಳಗಿದ್ದೂ ಬದುಕುವವು ಹೆಚ್ಚಾಗಿವೆ. ಅದಕ್ಕೇ ಆಲ್ಟ್‌ಮನ್ ನಂತರ ಈ ಗಡಿಗೇ ಅಂಟಿಕೊಳ್ಳಬೇಡಿ, ಅದೇ ಸ್ಕೋರ್ ಇರುವ ಬಾಂಡ್‌ಗಳಿಗೆ ಯಾವ ರೇಟಿಂಗ್ ಇದೆ ಎಂದು ನೋಡಿ ಎಂದರು.

ಸುಳ್ಳು ಗಂಟೆಯೂ ಬಾರಿಸುತ್ತದೆ. ದಿನಬಳಕೆಯ ಸಾಮಾನು ಮಾರುವ ದೊಡ್ಡ ಕಂಪನಿಗಳು ಗ್ರಾಹಕರಿಂದ ತಕ್ಷಣ ಹಣ ಪಡೆದು, ಸರಕು ಕೊಟ್ಟವರಿಗೆ ಎರಡು ತಿಂಗಳು ಬಿಟ್ಟು ಕೊಡುತ್ತವೆ. ಅವುಗಳ ವರ್ಕಿಂಗ್ ಕ್ಯಾಪಿಟಲ್ ಮೈನಸ್ ಇರುವುದು ಶಕ್ತಿಯ ಲಕ್ಷಣ. Z'' ಸೂತ್ರದಲ್ಲಿ X1ಗೆ 6.56 ತೂಕ ಇರುವುದರಿಂದ ಅಂಥವಕ್ಕೆ ಅನ್ಯಾಯ ಆಗುತ್ತದೆ. X1 ಮೈನಸ್ ಇದ್ದರೆ ಕಾರಣ ನೋಡಿ: ಸರಕಿನ ಬಾಕಿಯೋ, ಅಥವಾ ಈ ವರ್ಷ ತೀರಿಸಬೇಕಾದ ಬ್ಯಾಂಕ್ ಸಾಲವೋ? ಎರಡನೆಯದಾದರೆ ಗಂಟೆ ನಿಜ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಗುತ್ತಿಗೆ ಬಾಡಿಗೆಯೂ ಹೊಣೆಯಾಗಿ ಬ್ಯಾಲೆನ್ಸ್ ಶೀಟ್‌ಗೆ ಬಂತು. ಅಂಗಡಿ ಸರಣಿ, ವಿಮಾನ ಕಂಪನಿಗಳ ಸ್ಕೋರ್ ಆ ವರ್ಷ ಇಳಿದಿದ್ದರೆ, ವ್ಯಾಪಾರ ಕೆಟ್ಟದ್ದೇ ಕಾರಣ ಎಂದು ಹಿಡಿಯಬೇಡಿ.

ಬೂದು ವಲಯ ನಿಜಕ್ಕೂ ಕೆಲಸ ಕೊಡುವ ವಲಯ. ಇಲ್ಲಿ ಸೂತ್ರ 'ನನಗೆ ಗೊತ್ತಿಲ್ಲ' ಎನ್ನುತ್ತಿದೆ. ಬ್ಯಾಂಕಿನವರು ಒಂದೇ ಗೆರೆ ಬೇಕೆಂದರೆ 2.675 ಎಂಬ ಅಂಕಿ ಆಲ್ಟ್‌ಮನ್ ಪ್ರಬಂಧದಲ್ಲೇ ಇದೆ, ಆದರೆ ಅದು 1968ರ ಸೂತ್ರಕ್ಕೆ ಮಾತ್ರ. ನಾನು ಮಾಡುವುದು ಬೇರೆ. ಮುಂದಿನ 12 ತಿಂಗಳಲ್ಲಿ ತೀರಿಸಬೇಕಾದ ಸಾಲ ಎಷ್ಟು, ವ್ಯವಹಾರದಿಂದ ನಿಜವಾಗಿ ಬಂದ ನಗದು ಎಷ್ಟು ಎಂದು ನಗದು ಹರಿವಿನ ಪಟ್ಟಿಯಲ್ಲಿ ನೋಡುತ್ತೇನೆ. ಮತ್ತೆ ಆಡಿಟರ್ ವರದಿಯಲ್ಲಿ 'ಗೋಯಿಂಗ್ ಕನ್ಸರ್ನ್' ಬಗ್ಗೆ, ಅಂದರೆ ಕಂಪನಿ ಮುಂದೆಯೂ ನಡೆಯಬಲ್ಲದೇ ಎಂಬುದರ ಬಗ್ಗೆ, ಏನಾದರೂ ಪ್ಯಾರಾ ಇದೆಯೇ ಎಂದು ಹುಡುಕುತ್ತೇನೆ.

ಲೆಕ್ಕ ತಪ್ಪಿದ್ದರೆ ಗೊತ್ತಾಗುವುದು ಹೇಗೆ

ಸ್ಕೋರ್ 60, 80 ಹೀಗೆ ಬಂದರೆ ಶೇಕಡಾ ಮತ್ತು ದಶಮಾಂಶ ಕಲಸಿದೆ. 1968ರ ಪ್ರಬಂಧದಲ್ಲಿ ತೂಕಗಳು 0.012, 0.014, 0.033, 0.006 ಎಂದಿವೆ, ಏಕೆಂದರೆ ಅಲ್ಲಿ ಮೊದಲ ನಾಲ್ಕು ಅನುಪಾತ ಶೇಕಡಾದಲ್ಲಿವೆ. X5 ಮಾತ್ರ ಹಾಗೆಯೇ, ತೂಕ 0.999. ಒಂದು ಕಡೆಯ ತೂಕ, ಇನ್ನೊಂದು ಕಡೆಯ ಅನುಪಾತ ಹಾಕಿದರೆ ಮೊದಲ ನಾಲ್ಕರ ಪಾಲು ನೂರು ಪಟ್ಟು ಆಚೀಚೆ ಹೋಗುತ್ತದೆ. ಎಲ್ಲ ಕಂಪನಿಗೂ ಸ್ಕೋರ್ ಹೆಚ್ಚುಕಡಿಮೆ X5ರಷ್ಟೇ ಬರುತ್ತಿದ್ದರೂ ಇದೇ ರೋಗ. ಒಂದು ಬಾಬ್ತು ಲಕ್ಷದಲ್ಲಿ, ಇನ್ನೊಂದು ಕೋಟಿಯಲ್ಲಿ ತುಂಬಿದರೂ ಹೀಗೇ ಆಗುತ್ತದೆ. ನಮ್ಮ ವಾರ್ಷಿಕ ವರದಿಗಳಲ್ಲಿ ಎರಡೂ ಬಳಕೆಯಲ್ಲಿವೆ, ಪುಟದ ತಲೆಯಲ್ಲಿ ಬರೆದಿರುತ್ತದೆ.

ಕೊನೆಯದಾಗಿ, ನಮ್ಮಲ್ಲಿ ದಿವಾಳಿ ಪ್ರಕ್ರಿಯೆ ಶುರುವಾಗುವುದು ಸ್ಕೋರ್ ನೋಡಿ ಅಲ್ಲ. 2016ರ ದಿವಾಳಿ ಸಂಹಿತೆಯಡಿ ಕನಿಷ್ಠ ಒಂದು ಕೋಟಿ ರೂಪಾಯಿ ಬಾಕಿ ತಪ್ಪಿಸಿದರೆ ಸಾಲ ಕೊಟ್ಟವರು ಕಂಪನಿ ಕಾನೂನು ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಗೆ ಹೋಗಬಹುದು. ಬೆಂಗಳೂರಿನಲ್ಲೂ ಅದರ ಪೀಠವಿದೆ. ಸರಕು ಕೊಟ್ಟವರಿಗೂ ಆ ಹಕ್ಕಿದೆ. ಹಾಗಾಗಿ ನೀವು ಉದ್ದರಿಯಲ್ಲಿ ಮಾಲು ಕೊಡುವವರಾಗಿದ್ದು ಗ್ರಾಹಕ ಕಂಪನಿಯ Z'' 1.1ಕ್ಕಿಂತ ಕೆಳಗೆ ಬಂದಿದ್ದರೆ, ಮೊದಲು ಉದ್ದರಿ ದಿನ ಕಡಿಮೆ ಮಾಡಿ. ಆಮೇಲೆ ಆ ಕಂಪನಿಯ ಹೆಸರು ಎನ್‌ಸಿಎಲ್‌ಟಿ ಪ್ರಕರಣಗಳ ಪಟ್ಟಿಯಲ್ಲಿ ಇದೆಯೇ ಎಂದು ಹುಡುಕಿ ನೋಡಿ.